ಜಾಹೀರಾತು ಸ್ಕ್ರಿಪ್ಟ್‌ನಲ್ಲಿ ಸಂಗೀತ ಮತ್ತು ಧ್ವನಿಸೂಚನೆಗಳು

ಜಾಹೀರಾತು ಸ್ಕ್ರಿಪ್ಟ್‌ನಲ್ಲಿ ಸಂಗೀತ ಮತ್ತು ಧ್ವನಿಸೂಚನೆಗಳು ಎಂದರೆ ರೇಡಿಯೊ, ದೂರದರ್ಶನ ಅಥವಾ ಅಂತರಜಾಲದ ಜಾಹೀರಾತಿನಲ್ಲಿ ಯಾವ ಸಂಗೀತ, ಯಾವ ಸದ್ದು, ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ಕೇಳಿಸಬೇಕು ಎಂಬುದನ್ನು ಬರಹದ ಹಂತದಲ್ಲಿಯೇ ನಿರ್ಧರಿಸಿ ದಾಖಲಿಸುವ ಟಿಪ್ಪಣಿಗಳು. ಮಾತು ಬರೆದು ಮುಗಿಸಿ, ಚಿತ್ರೀಕರಣವಾದ ಬಳಿಕ ಅದರ ಮೇಲೆ ಸಂಗೀತವನ್ನು ಹೊದಿಸುವುದು ಸಾಮಾನ್ಯ ರೂಢಿ. ಆದರೆ ಬ್ರ್ಯಾಂಡ್‌ನ ಮನೋಭಾವವನ್ನು ಧ್ವನಿಯೇ ಹೊರಬೇಕಾದ ಸಂದರ್ಭಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಧ್ವನಿಗೆ ಬೇಕಾದ ಜಾಗವನ್ನು ಮೊದಲು ಬಿಟ್ಟು, ಉಳಿದ ಸೆಕೆಂಡುಗಳಲ್ಲಿ ಮಾತನ್ನು ಕೂಡಿಸಲಾಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಟೈಟನ್ ಸಂಸ್ಥೆಯ ಕೈಗಡಿಯಾರದ ಜಾಹೀರಾತುಗಳು ಇದಕ್ಕೆ ಭಾರತದಲ್ಲಿ ಹೆಚ್ಚು ಪರಿಚಿತವಾದ ಉದಾಹರಣೆ.

## ಟೈಟನ್ ಧಾಟಿ

ಟೈಟನ್ 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮಗಳ ಜಂಟಿ ಉದ್ಯಮವಾಗಿ ಆರಂಭವಾಯಿತು. ಕಾರ್ಖಾನೆ ಹೊಸೂರಿನಲ್ಲಿತ್ತು. ಆಗ ದೇಶದ ಕೈಗಡಿಯಾರ ಮಾರುಕಟ್ಟೆಯಲ್ಲಿ ಎಚ್‌.ಎಂ.ಟಿ.ಯದೇ ಮೇಲುಗೈ. ಅದೂ ಬೆಂಗಳೂರಿನದೇ ಸಂಸ್ಥೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಇಲ್ಲಿ ಗಡಿಯಾರ ತಯಾರಿಕೆಯನ್ನು ಕೈಗೊಂಡಿತ್ತು. ಎಚ್‌.ಎಂ.ಟಿ. ಗಡಿಯಾರ ಎಂದರೆ ಬಾಳಿಕೆ, ಸಮಯಪಾಲನೆ ಎಂಬ ಭಾವನೆ ಜನರಲ್ಲಿ ನೆಲೆಗೊಂಡಿದ್ದುದರಿಂದ ಹೊಸ ಸಂಸ್ಥೆಗೆ ಅದೇ ಮಾತನ್ನು ಮತ್ತೆ ಹೇಳಿ ಪ್ರಯೋಜನವಿರಲಿಲ್ಲ. ಅದು ಗಡಿಯಾರವನ್ನು ಆಭರಣವಾಗಿ, ಉಡುಗೊರೆಯಾಗಿ ಮುಂದಿಟ್ಟಿತು. ಉಡುಗೊರೆಯ ಭಾವವನ್ನು ಗಡಿಯಾರದ ಟಿಕ್ ಟಿಕ್ ಸದ್ದಿನಿಂದ ಹೊರಡಿಸಲಾಗದು. ಆ ಸದ್ದು ಯಂತ್ರದ ನೆನಪನ್ನು ತರುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಕುಳಿತವರಿಗಂತೂ ಆತಂಕವನ್ನೇ ತರುತ್ತದೆ.

ಜೆರ್ಕ್ಸಸ್ ದೇಸಾಯಿ ಅವರು ಸಂಸ್ಥೆಯನ್ನು ಮುನ್ನಡೆಸುತ್ತಿದ್ದ ಆ ಕಾಲದಲ್ಲಿ ಜಾಹೀರಾತುಗಳ ಹೊಣೆ ಓಗಿಲ್ವಿ ಸಂಸ್ಥೆಯದಾಗಿತ್ತು. ಅಲ್ಲಿನ ಸುರೇಶ್ ಮಲ್ಲಿಕ್ ಅವರು ಮೊಜಾರ್ಟ್‌ನ 25ನೆಯ ಸಿಂಫನಿಯ ಧಾಟಿಯನ್ನು ಆರಿಸಿದರು. ಮೊಜಾರ್ಟ್ ಇದನ್ನು 1773ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಸಾಲ್ಜ್‌ಬರ್ಗ್‌ನಲ್ಲಿ ರಚಿಸಿದ. ಸಿಂಫನಿಯ ಆರಂಭ ಶಾಂತವಾದುದಲ್ಲ. ತಂತಿವಾದ್ಯಗಳು ತಾಳದ ಪೆಟ್ಟಿಗೆ ಎದುರಾಗಿ ಒಂದೇ ಸ್ವರವನ್ನು ಬಡಿಬಡಿದು ನುಡಿಸುವ, ಉದ್ವೇಗದಿಂದ ಕೂಡಿದ ಭಾಗ ಅದು. ಮಿಲೋಸ್ ಫೋರ್ಮನ್ ನಿರ್ದೇಶನದ ‘ಅಮೇಡಿಯಸ್’ (1984) ಚಲನಚಿತ್ರ ಅದೇ ಉದ್ವೇಗಕ್ಕಾಗಿ ಅದನ್ನು ತನ್ನ ಮೊದಲ ದೃಶ್ಯದಲ್ಲಿ ಬಳಸಿಕೊಂಡಿತು. ಆದರೆ ಸ್ವಲ್ಪ ಮುಂದೆ ಹೋದಾಗ ಅದೇ ನಾಲ್ಕು ಸ್ವರಗಳನ್ನು ಓಬೋ ಎಂಬ ಊದುವಾದ್ಯವು ದೀರ್ಘವಾಗಿ, ಮೆಲ್ಲಗೆ ಹಾಡುತ್ತದೆ. ಉಡುಗೊರೆಯ ಜಾಹೀರಾತಿಗೆ ಒಗ್ಗುವುದು ಈ ಎರಡನೆಯ ಮುಖ. ಧಾಟಿಯೊಂದನ್ನು ಆರಿಸುವುದೆಂದರೆ ಅದರ ಹೆಸರನ್ನು ಆರಿಸುವುದಲ್ಲ. ಅದರ ಯಾವ ಭಾಗ, ಯಾವ ವೇಗ, ಯಾವ ವಾದ್ಯ ಎಂಬುದೇ ನಿಜವಾದ ಆಯ್ಕೆ. ಸ್ಕ್ರಿಪ್ಟ್‌ನಲ್ಲಿ ಬರೀ ‘ಮೊಜಾರ್ಟ್ 25’ ಎಂದು ಬರೆದಿದ್ದರೆ ಓದಿದ ಸಂಗೀತ ನಿರ್ದೇಶಕ ಗುಡುಗನ್ನೂ ತರಬಹುದಿತ್ತು, ಮೃದುವಾದ ಓಬೋವನ್ನೂ ತರಬಹುದಿತ್ತು.

ಒಂದೇ ಧಾಟಿಯನ್ನು ದಶಕಗಳ ಕಾಲ ಬಿಡದೆ ಹಿಡಿದುದರಿಂದ ಸಂಸ್ಥೆಗೆ ಇನ್ನೊಂದು ಲಾಭವಾಯಿತು. ಧಾಟಿಯು ಹಿನ್ನೆಲೆಯಿಂದ ಮುಂದೆ ಬಂದು ಕಥೆಯೊಳಗಿನ ಪಾತ್ರವಾಗಲು ಸಾಧ್ಯವಾಯಿತು. 2010ರ ದಶಕದ ಒಂದು ಟೈಟನ್ ಜಾಹೀರಾತಿನಲ್ಲಿ ಪ್ರಾಧ್ಯಾಪಕರೊಬ್ಬರ ವಿದಾಯದ ತರಗತಿ ಬರುತ್ತದೆ. ವಿದ್ಯಾರ್ಥಿಗಳು ತಾವಾಗಿಯೇ ಸದ್ದುಗಳನ್ನು ಹೊರಡಿಸುತ್ತಾ, ಗುನುಗುತ್ತಾ, ತುಂಡುತುಂಡಾಗಿ ಆ ಧಾಟಿಯನ್ನು ಕಟ್ಟುತ್ತಾರೆ. ಕೊನೆಗೆ ಕೈಗಡಿಯಾರ ಮೇಷ್ಟರ ಕೈ ಸೇರುತ್ತದೆ. ಮೊದಲು ಕೇಳಿಸುವ ಸದ್ದುಗಳು ತರಗತಿಯ ತುಂಟತನದಂತೆ ತೋರುತ್ತವೆ. ಅವು ಕೂಡಿಕೊಂಡು ಧಾಟಿಯಾದಾಗಲೇ ನೋಡುವವರಿಗೆ ಇದು ಯಾರ ಜಾಹೀರಾತು ಎಂಬುದೂ, ಇದು ಗದ್ದಲವಲ್ಲ, ಗೌರವ ಎಂಬುದೂ ಏಕಕಾಲಕ್ಕೆ ತಿಳಿಯುತ್ತದೆ. ಇಂಥ ಜಾಹೀರಾತಿಗೆ ಚಿತ್ರೀಕರಣದ ನಂತರ ಸಂಗೀತ ಸೇರಿಸುವುದು ಸಾಧ್ಯವೇ ಇಲ್ಲ. ಯಾವ ಸದ್ದು ಯಾರಿಂದ, ಯಾವ ಸ್ವರಕ್ಕೆ ಎಂಬುದು ಮೊದಲೇ ಬರೆದಿರಬೇಕಾಗುತ್ತದೆ.

ಮೊಜಾರ್ಟ್ ತೀರಿಕೊಂಡದ್ದು 1791ರಲ್ಲಿ. ಆದ್ದರಿಂದ ರಚನೆಗೆ ಯಾರಿಗೂ ಸಂಭಾವನೆ ಕೊಡಬೇಕಾಗಿರಲಿಲ್ಲ ಎಂಬುದೂ ಇಲ್ಲಿ ಗಮನಾರ್ಹ. ಇದಕ್ಕೆ ವ್ಯತಿರಿಕ್ತವಾಗಿ ಏರ್‌ಟೆಲ್ ಸಂಸ್ಥೆ 2002ರಲ್ಲಿ ಎ. ಆರ್. ರೆಹಮಾನ್ ಅವರಿಂದ ಹೊಸ ಧಾಟಿಯನ್ನೇ ರಚಿಸಿಕೊಂಡಿತು. ಬೆಂಗಳೂರಿನಿಂದ ಆಡಳಿತ ನಡೆಸುವ ಬ್ರಿಟಾನಿಯಾ ಬಿಸ್ಕತ್ತು ಸಂಸ್ಥೆ ಇನ್ನೂ ಚಿಕ್ಕದಾದ, ಬೆರಳೆಣಿಕೆಯ ಸ್ವರಗಳ ಕಿಣಿಕಿಣಿ ನಾದದಿಂದಲೇ ತನ್ನ ಗುರುತನ್ನು ಉಳಿಸಿಕೊಂಡಿದೆ.

## ಮನೋಭಾವದಿಂದ ಧ್ವನಿಗೆ

ಬ್ರ್ಯಾಂಡ್‌ನ ಮನೋಭಾವವನ್ನು ಗ್ರಾಹಕ ಸಂಸ್ಥೆಗಳು ಸಾಮಾನ್ಯವಾಗಿ ವಿಶೇಷಣಗಳಲ್ಲಿ ಹೇಳುತ್ತವೆ: ‘ನಂಬಿಕೆಯುಳ್ಳ’, ‘ಆಧುನಿಕ’, ‘ಆತ್ಮೀಯ’ ಇತ್ಯಾದಿ. ಈ ಪದಗಳಿಂದ ನೇರವಾಗಿ ಸಂಗೀತ ಹುಟ್ಟುವುದಿಲ್ಲ. ಪ್ರತಿ ಪದಕ್ಕೂ ಅದು ಏನಲ್ಲ ಎಂಬುದನ್ನು ಜೋಡಿಸಿದಾಗ ಅದು ಹರಿತವಾಗುತ್ತದೆ. ‘ಹಳೆಯದು, ಆದರೆ ಮುದಿಯಾದುದಲ್ಲ’, ‘ಆತ್ಮೀಯ, ಆದರೆ ಭಕ್ತಿಯದಲ್ಲ’ ಎಂದಾಗ ವೇಗವೂ ವಾದ್ಯವೂ ತಾನಾಗಿ ಕಿರಿದಾಗುತ್ತಾ ಬರುತ್ತವೆ. ಆ ಬಳಿಕ ಲಯ ನಿಧಾನವೋ ಚುರುಕೋ, ನುಡಿಸುವುದು ಒಂದೇ ವಾದ್ಯವೋ ಹಲವೋ, ಸ್ಥಾಯಿ ಮಂದ್ರವೋ ತಾರವೋ, ಸಂಗೀತ ಎಲ್ಲಿ ಇರಬಾರದು ಎಂಬ ನಾಲ್ಕು ಸಂಗತಿಗಳನ್ನು ಬರೆದರೆ ಸೂಚನೆ ಬಳಕೆಗೆ ಯೋಗ್ಯವಾಗುತ್ತದೆ. ‘ಸಂತೋಷದ ಸಂಗೀತ’ ಎಂಬುದು ಸೂಚನೆಯಲ್ಲ, ಬರೀ ಆಸೆ. ‘ಒಂಟಿ ವೀಣೆ, ತಾಳವಾದ್ಯವಿಲ್ಲ, ವಿಳಂಬ, ಹದಿಮೂರನೆಯ ಸೆಕೆಂಡಿಗೆ ಮೊದಲ ಸ್ವರ’ ಎಂಬುದು ಸೂಚನೆ.

ವಾದ್ಯಗಳಿಗೆ ಅಂಟಿಕೊಂಡ ಸಂದರ್ಭಗಳನ್ನು ಅರಿಯುವುದು ಕನ್ನಡ ಜಾಹೀರಾತಿನಲ್ಲಿ ಮುಖ್ಯ. ನಾಗಸ್ವರ ಕೇಳಿದೊಡನೆ ದಕ್ಷಿಣ ಕರ್ನಾಟಕದ ಕೇಳುಗನಿಗೆ ಮದುವೆ ಮಂಟಪ ಕಾಣುತ್ತದೆ. ರೇಷ್ಮೆ ಸೀರೆ ಮತ್ತು ಚಿನ್ನದ ಅಂಗಡಿಗಳು ಅದನ್ನು ಬಿಡದೆ ಬಳಸಿರುವುದರಿಂದ ಈಗ ಅದು ಯಾವ ಅಂಗಡಿಯದೆಂಬ ಗುರುತನ್ನೇ ಉಳಿಸುವುದಿಲ್ಲ. ಚೆಂಡೆ ಕರಾವಳಿಯನ್ನು, ಯಕ್ಷಗಾನದ ರಾತ್ರಿಯನ್ನು ನೆನಪಿಸುತ್ತದೆ. ಡೊಳ್ಳು ಮೆರವಣಿಗೆಯ ಹುರುಪನ್ನು ಕೊಡುತ್ತದೆ. ತಮಟೆಯ ವಿಷಯದಲ್ಲಿ ಎಚ್ಚರ ಬೇಕು: ಊರಹಬ್ಬಕ್ಕೂ ತಮಟೆ ಬಡಿಯುತ್ತಾರೆ, ಶವಯಾತ್ರೆಗೂ ಬಡಿಯುತ್ತಾರೆ. ಶಂಖ-ಜಾಗಟೆಯದೂ ಇದೇ ಕಥೆ; ದಾಸಯ್ಯನ ಶಂಖನಾದ ಕೆಲವರಿಗೆ ಮಂಗಳಕರ, ಇನ್ನು ಕೆಲವರಿಗೆ ಸಾವಿನ ಮನೆಯ ನೆನಪು. ನಗರದ ಸ್ಟುಡಿಯೊದಲ್ಲಿ ‘ಜಾನಪದ ಸೊಗಡು’ ಎಂದು ಸೇರಿಸಿದ ಬಡಿತವೊಂದು ವಿಮಾ ಕಂಪನಿಯ ಜಾಹೀರಾತಿನಲ್ಲಿ ಏನು ಅರ್ಥ ಕೊಟ್ಟೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

## ಸದ್ದಿನ ಗುರುತು

ಧ್ವನಿಪರಿಣಾಮಗಳು ಬರಹಗಾರ ನಂಬುವಷ್ಟು ಸ್ಪಷ್ಟವಾಗಿರುವುದಿಲ್ಲ. ಬಾಣಲೆಯಲ್ಲಿ ಬೋಂಡ ಕರಿಯುವ ಸದ್ದು, ಮಳೆ ಸುರಿಯುವ ಸದ್ದು, ಸಭೆಯ ಚಪ್ಪಾಳೆ, ನಿಲ್ದಾಣ ಸಿಗದ ರೇಡಿಯೊದ ಗರಗರ, ಇವೆಲ್ಲ ಚಿತ್ರದ ನೆರವಿಲ್ಲದೆ ಕೇಳಿದಾಗ ಒಂದರಂತೆ ಇನ್ನೊಂದು ಇರುತ್ತವೆ. ಆದ್ದರಿಂದ ರೇಡಿಯೊ ಸ್ಕ್ರಿಪ್ಟ್‌ನಲ್ಲಿ ಸದ್ದು ಬಂದ ಕೂಡಲೇ ಅದನ್ನು ಗುರುತಿಸುವ ಮಾತೊಂದು ಬರಬೇಕು. ಆ ಮಾತು ಸದ್ದನ್ನು ವರ್ಣಿಸಬಾರದು. ‘ನೋಡಿ, ಮಳೆ ಬರುತ್ತಿದೆ’ ಎಂದರೆ ನಾಟಕೀಯ. ‘ಬಟ್ಟೆ ಒಳಗೆ ತಂದ್ಯಾ?’ ಎಂದರೆ ಸಾಕು.

ಎಲ್ಲ ಸದ್ದುಗಳನ್ನೂ ಬಳಸುವಂತಿಲ್ಲ. ಆಕಾಶವಾಣಿಯ ವಾಣಿಜ್ಯ ಪ್ರಸಾರ ಸಂಹಿತೆಯು ಕೇಳುಗರನ್ನು ಬೆಚ್ಚಿಬೀಳಿಸುವ ಪರಿಣಾಮಗಳನ್ನು ನಿಷೇಧಿಸುತ್ತದೆ. ಗುಂಡಿನ ಸದ್ದು, ಸೈರನ್, ಬಾಂಬಿನ ಸ್ಫೋಟ, ಕಿರುಚಾಟ, ಕರ್ಕಶ ನಗು ಇವುಗಳನ್ನು ಅದು ಉದಾಹರಣೆಯಾಗಿ ಹೆಸರಿಸುತ್ತದೆ. ಕೇಬಲ್ ದೂರದರ್ಶನ ನಿಯಮಗಳು (1994) ಜಾಹೀರಾತಿನ ಧ್ವನಿ ಅತಿಯಾಗಿ ಜೋರಾಗಿರಕೂಡದು ಎನ್ನುತ್ತವೆ. ಸಂಹಿತೆಯಲ್ಲಿ ಇಲ್ಲದಿದ್ದರೂ ಕಾರಿನ ಹಾರ್ನ್ ಮತ್ತು ಬ್ರೇಕಿನ ಕಿರ್ರನೆ ಸದ್ದನ್ನು ರೇಡಿಯೊದಲ್ಲಿ ತಪ್ಪಿಸುವುದು ವಿವೇಕ; ಕೇಳುವವರಲ್ಲಿ ಹಲವರು ಆ ಹೊತ್ತಿನಲ್ಲಿ ವಾಹನ ಓಡಿಸುತ್ತಿರುತ್ತಾರೆ.

## ಒಂದು ಮಾದರಿ: ಜಯನಗರದ ಕಾಫಿಪುಡಿ ಅಂಗಡಿ

ಜಯನಗರ 4ನೇ ಬ್ಲಾಕ್‌ನಲ್ಲಿ ಕಾಫಿಬೀಜ ಹುರಿದು, ಗ್ರಾಹಕರ ಎದುರಿಗೇ ಪುಡಿ ಮಾಡಿಕೊಡುವ ಅಂಗಡಿಯೊಂದಿದೆ ಎಂದು ಕಲ್ಪಿಸಿಕೊಳ್ಳಬಹುದು. ಅದಕ್ಕೆ ಎಫ್.ಎಂ. ರೇಡಿಯೊದಲ್ಲಿ 30 ಸೆಕೆಂಡಿನ ಜಾಹೀರಾತು ಬೇಕಾಗಿದೆ. ಅಂಗಡಿಯ ಮನೋಭಾವ: ‘ತಲೆಮಾರಿನಿಂದ ಗೊತ್ತಿರುವ, ಆದರೆ ಹಳಹಳಿಕೆಯದಲ್ಲದ, ಆತ್ಮೀಯ, ಆದರೆ ಗಲಾಟೆಯದಲ್ಲದ.’

ಇಂಥ ಅಂಗಡಿಗೆ ಮೊದಲು ಹೊಳೆಯುವುದು ಸಾಮಾನ್ಯವಾಗಿ ಬೆಳಗಿನ ಸುಪ್ರಭಾತ. ಬೆಳಗು, ಸಂಪ್ರದಾಯ, ಕಾಫಿ ಮೂರೂ ಒಟ್ಟಿಗೆ ಬಂದಂತೆ ಕಾಣುತ್ತದೆ. ಇದರಲ್ಲಿ ಮೂರು ತೊಡಕುಗಳಿವೆ. ಸ್ತೋತ್ರದಲ್ಲಿ ಪದಗಳಿರುವುದರಿಂದ ಅದರ ಮೇಲೆ ಆಡುವ ಮಾತು ಮುಳುಗುತ್ತದೆ. ಎರಡು ಮಾತುಗಳನ್ನು ಕಿವಿ ಒಟ್ಟಿಗೆ ಹಿಡಿಯಲಾರದು. ‘ಆತ್ಮೀಯ’ ಎಂಬುದು ‘ಭಕ್ತಿ’ ಆಗಿಬಿಡುತ್ತದೆ, ಅಂಗಡಿಗೆ ಬರುವ ಎಲ್ಲರಿಗೂ ಅದು ತಮ್ಮದೆನಿಸುವುದಿಲ್ಲ. ಜೊತೆಗೆ ಸ್ತೋತ್ರ ಹಳೆಯದಾದರೂ ಹಾಡಿದವರ ಧ್ವನಿಮುದ್ರಣದ ಹಕ್ಕು ಯಾರದೆಂದು ಬೇರೆಯಾಗಿ ನೋಡಬೇಕಾಗುತ್ತದೆ.

ಎರಡನೆಯ ಆಲೋಚನೆ ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟಿಕ್ಕುವ ಸದ್ದು. ಬರಹದಲ್ಲಿ ಇದು ಚೆಂದ, ಧ್ವನಿಯಲ್ಲಿ ಇಲ್ಲವೇ ಇಲ್ಲ. ಫಿಲ್ಟರಿನ ಕೆಳಗಿನ ಪಾತ್ರೆಯೊಳಗೆ ಇಳಿಯುವ ಹನಿ ಹೊರಗೆ ಕೇಳಿಸುವುದಿಲ್ಲ. ಸ್ಟುಡಿಯೊದಲ್ಲಿ ಕೃತಕವಾಗಿ ಹೊರಡಿಸಿದರೆ ಸೋರುವ ನಲ್ಲಿಯಂತೆ ಕೇಳುತ್ತದೆ. ಈ ಅಂಗಡಿಗೆ ನಿಜಕ್ಕೂ ಸ್ವಂತವಾದ ಸದ್ದು ಪುಡಿ ಮಾಡುವ ಯಂತ್ರದ ಮೊರೆತ. ಅದು ಮಧುರವಲ್ಲ. ಆದರೆ ಅದು ನಿಂತಾಗ ಉಂಟಾಗುವ ನಿಶ್ಶಬ್ದ ಮಧುರ. ಜಾಹೀರಾತನ್ನು ಆ ನಿಶ್ಶಬ್ದದ ಮೇಲೆ ಕಟ್ಟಬಹುದು.

0–3 ಸೆಕೆಂಡು. ಸದ್ದು: ಕಾಫಿ ಪುಡಿ ಮಾಡುವ ಯಂತ್ರ, ಮಧ್ಯದಿಂದ ಆರಂಭ. ಮೊದಲ ಮಾತಿಗೆ ಅರ್ಧಕ್ಕೆ ಇಳಿಕೆ. ಸಂಗೀತವಿಲ್ಲ.

3–9 ಸೆಕೆಂಡು. ಯುವತಿ (ಯಂತ್ರದ ಸದ್ದನ್ನು ಮೀರಿಸಿ, ಕೊಂಚ ಏರುದನಿ): ‘ಅರ್ಧ ಕೆ.ಜಿ. ಕೊಡಿ. ಚಿಕೋರಿ ಎಷ್ಟು ಹಾಕ್ಸೋದು ಅಂತ ಗೊತ್ತಿಲ್ಲ!’

9–10 ಸೆಕೆಂಡು. ಸದ್ದು: ಯಂತ್ರ ಇಳಿದು ನಿಲ್ಲುತ್ತದೆ. ಒಂದು ಸೆಕೆಂಡು ಪೂರ್ಣ ನಿಶ್ಶಬ್ದ.

10–15 ಸೆಕೆಂಡು. ಅಂಗಡಿಯವರು (ಹಿರಿಯರು, ಸಹಜ ದನಿ): ‘ನಿಮ್ಮಮ್ಮ ತಗೊಂಡ್ ಹೋಗ್ತಿದ್ದದ್ದು ಎಂಬತ್ತು-ಇಪ್ಪತ್ತು. ಅದನ್ನೇ ಕೊಡ್ಲಾಮ್ಮ?’ ಸಂಗೀತ: ‘ನಿಮ್ಮಮ್ಮ’ ಎಂಬ ಪದದ ನಂತರ, 13ನೆಯ ಸೆಕೆಂಡಿಗೆ ಒಂಟಿ ವೀಣೆ, ಎರಡು ಸ್ವರ, ತಾಳವಿಲ್ಲ.

15–19 ಸೆಕೆಂಡು. ಸದ್ದು: ಲೋಟದಿಂದ ಡಬರಿಗೆ ಎತ್ತರದಿಂದ ಕಾಫಿ ಸುರಿಯುವುದು, ಒಮ್ಮೆ ಮಾತ್ರ. ಯುವತಿ (ಮನೆಯಲ್ಲಿ, ಹತ್ತಿರದ ದನಿ): ‘ಅಮ್ಮಾ, ಕುಡಿದು ನೋಡು.’ ವೀಣೆ ಕೆಳಗೆ ಮುಂದುವರಿಯುತ್ತದೆ.

19–27 ಸೆಕೆಂಡು. ನಿರೂಪಣೆ: ಅಂಗಡಿಯ ಹೆಸರು, ಜಯನಗರ 4ನೇ ಬ್ಲಾಕ್. ವೀಣೆ ಹೆಸರಿನ ಮೊದಲೇ ನಿಂತಿರಬೇಕು.

27–30 ಸೆಕೆಂಡು. ಸದ್ದು: ಸ್ಟೀಲ್ ಲೋಟದ ಅಂಚಿಗೆ ಚಮಚ ಎರಡು ಬಾರಿ ತಗಲುವುದು. ಮುಕ್ತಾಯ.

ಈ ಮಾದರಿಯಲ್ಲಿ ಕಾಫಿ ಸುರಿಯುವ ಸದ್ದನ್ನು ‘ಕುಡಿದು ನೋಡು’ ಎಂಬ ಮಾತು ಗುರುತಿಸುತ್ತದೆ. ಹಿಂದೆ ಚಿಕೋರಿಯ ಮಾತು ಬಂದಿರುವುದರಿಂದ ಅದು ಹಾಲೋ ನೀರೋ ಎಂಬ ಗೊಂದಲ ಹುಟ್ಟುವುದಿಲ್ಲ. ಮೊದಲು ಏರುದನಿ, ಆಮೇಲೆ ಹತ್ತಿರದ ದನಿ ಎಂಬ ಟಿಪ್ಪಣಿಯೇ ಅಂಗಡಿಯಿಂದ ಮನೆಗೆ ಬಂದೆವೆಂಬುದನ್ನು ಹೇಳಿಬಿಡುತ್ತದೆ, ‘ಮನೆಯಲ್ಲಿ’ ಎಂದು ಯಾರೂ ಸಾರಬೇಕಾಗಿಲ್ಲ. ವೀಣೆ ತಡವಾಗಿ ಬರುವುದಕ್ಕೂ ಕಾರಣವುಂಟು: ಮೊದಲ ಸೆಕೆಂಡಿನಿಂದಲೇ ಅದು ಇದ್ದಿದ್ದರೆ, ನೆನಪಿನ ಕ್ಷಣಕ್ಕೆ ಕೊಡಲು ಹೊಸದೇನೂ ಉಳಿಯುತ್ತಿರಲಿಲ್ಲ. ಕೊನೆಯ ಎರಡು ಚಮಚದ ನಾದ ಅಂಗಡಿಯ ಸ್ವಂತ ಗುರುತಾಗಬಲ್ಲದು. ಅದನ್ನು ಮುಂದಿನ ಜಾಹೀರಾತಿನಲ್ಲಿ ಬದಲಿಸದೆ ಉಳಿಸಿಕೊಂಡರೆ ಮಾತ್ರ.

30 ಸೆಕೆಂಡಿಗೆ ಬಿಡುವಿಲ್ಲದೆ ಮಾತಾಡಿದರೆ ಕನ್ನಡದಲ್ಲಿ ಸುಮಾರು ಐವತ್ತರಿಂದ ಅರವತ್ತು ಪದ ಹಿಡಿಸುತ್ತದೆ. ಮೇಲಿನ ಮಾದರಿಯಲ್ಲಿ ಅದರ ಅರ್ಧದಷ್ಟೇ ಇದೆ. ಗ್ರಾಹಕರು ‘ಸಂಜೆ ಎಂಟರವರೆಗೆ ತೆರೆದಿರುತ್ತದೆ, ಮನೆಗೂ ತಲುಪಿಸುತ್ತೇವೆ’ ಎಂದು ಸೇರಿಸಲು ಕೇಳುವುದು ಸಹಜ. ಹಾಗೆ ಸೇರಿಸಿದಾಗ ಮೊದಲು ಬಲಿಯಾಗುವುದು ಆ ಒಂದು ಸೆಕೆಂಡಿನ ನಿಶ್ಶಬ್ದ. ಆದ್ದರಿಂದ ನಿಶ್ಶಬ್ದವನ್ನೂ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲಾಗಿ, ಸೆಕೆಂಡಿನ ಲೆಕ್ಕದೊಡನೆ ಬರೆಯುವುದು ಅಗತ್ಯ. ಬರೆಯದೆ ಬಿಟ್ಟ ಮೌನವನ್ನು ಸಂಕಲನಕಾರ ಖಾಲಿ ಜಾಗವೆಂದೇ ತಿಳಿಯುತ್ತಾನೆ.

## ಧಾಟಿಗೆ ಕನ್ನಡ ಕೂಡಿಸುವಾಗ

ಹಿಂದಿಯಲ್ಲಿ ತಯಾರಾದ ಹಾಡುಜಾಹೀರಾತಿಗೆ ಕನ್ನಡ ಸಾಹಿತ್ಯ ಬರೆಯುವಾಗ ಬೇರೆಯೇ ತೊಂದರೆ ಎದುರಾಗುತ್ತದೆ. ಕನ್ನಡದ ಪದಗಳು ಸ್ವರಾಂತವಾಗಿದ್ದು, ಪ್ರತ್ಯಯಗಳು ಸೇರಿ ಉದ್ದವಾಗುತ್ತವೆ. ಧಾಟಿಯೋ ಮೊದಲೇ ಗಟ್ಟಿಯಾಗಿ ಕೂತಿರುತ್ತದೆ. ಆಗ ಬರಹಗಾರ ಲಘುವಿನ ಜಾಗದಲ್ಲಿ ಗುರುವನ್ನು ತುರುಕುತ್ತಾನೆ, ಅಥವಾ ಗಾಯಕಿ ಲಘುವನ್ನು ಎಳೆದು ಗುರುವಾಗಿಸುತ್ತಾಳೆ. ಕನ್ನಡದಲ್ಲಿ ಹ್ರಸ್ವ-ದೀರ್ಘಗಳ ವ್ಯತ್ಯಾಸ ಅರ್ಥವನ್ನೇ ಬದಲಿಸುವುದರಿಂದ ಇದು ಬರೀ ಉಚ್ಚಾರಣೆಯ ದೋಷವಾಗಿ ಉಳಿಯುವುದಿಲ್ಲ. ಚಿನ್ನದಂಗಡಿಯ ಹಾಡಿನಲ್ಲಿ ‘ಬಳೆ’ಯನ್ನು ಎರಡು ಮಾತ್ರೆ ಎಳೆದರೆ ಅದು ‘ಬಾಳೆ’ಯಾಗುತ್ತದೆ; ‘ಕರು’ ‘ಕಾರು’ ಆಗುತ್ತದೆ. ಹಳಗನ್ನಡ ಛಂದಸ್ಸನ್ನು ಶಾಲೆಯಲ್ಲಿ ಕಂಠಪಾಠ ಮಾಡಿಸುವುದರ ಉಪಯೋಗವೇನೆಂದು ಕೇಳುವವರಿಗೆ ಇದೊಂದು ಉತ್ತರ. ಸರಳ ಉಪಾಯವೆಂದರೆ ಧಾಟಿಯನ್ನು ಮೊದಲು ‘ತಾನ’ ಎಂಬ ಅಕ್ಷರಗಳಿಂದ ಹಾಡಿ, ಲಘು-ಗುರು ಗುರುತಿಸಿಕೊಂಡು, ಆ ಅಚ್ಚಿಗೆ ಹೊಂದುವ ಪದಗಳನ್ನು ಹುಡುಕುವುದು. ಅನುವಾದವನ್ನು ಮೊದಲು ಮಾಡಿ ಧಾಟಿಗೆ ಬಗ್ಗಿಸುವ ಕ್ರಮ ಫಲಿಸುವುದು ಅಪರೂಪ.

## ಹಕ್ಕುಗಳು

ಭಾರತದ ಕೃತಿಸ್ವಾಮ್ಯ ಕಾಯಿದೆ (1957) ಪ್ರಕಾರ ಸಂಗೀತ ರಚನೆ ಮತ್ತು ಸಾಹಿತ್ಯದ ಹಕ್ಕು ರಚನಕಾರರ ಮರಣಾನಂತರ 60 ವರ್ಷ ಉಳಿಯುತ್ತದೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ನಂತರದಿಂದ 60 ವರ್ಷ. ಇವೆರಡೂ ಬೇರೆಬೇರೆ. ಪುರಂದರದಾಸರ ಅಥವಾ ತ್ಯಾಗರಾಜರ ರಚನೆಯನ್ನು ಯಾರು ಬೇಕಾದರೂ ಹೊಸದಾಗಿ ನುಡಿಸಿ ಮುದ್ರಿಸಬಹುದು. ಇತ್ತೀಚಿನ ಕಲಾವಿದರೊಬ್ಬರ ಕ್ಯಾಸೆಟ್ಟಿನಿಂದ ಹತ್ತು ಸೆಕೆಂಡು ಕತ್ತರಿಸಿ ಹಾಕುವಂತಿಲ್ಲ. ಚಲನಚಿತ್ರಗೀತೆಗೆ ಎರಡೂ ಹಕ್ಕುಗಳ ಅನುಮತಿ ಬೇಕು. 2022ರಲ್ಲಿ ‘ಕೆ.ಜಿ.ಎಫ್. ಅಧ್ಯಾಯ 2’ ಚಿತ್ರದ ಸಂಗೀತವನ್ನು ರಾಜಕೀಯ ಯಾತ್ರೆಯೊಂದರ ಪ್ರಚಾರ ವಿಡಿಯೊದಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತ್ತು.

ಸ್ವಂತ ನಾದವನ್ನು ವ್ಯಾಪಾರಚಿಹ್ನೆಯಾಗಿ ನೋಂದಾಯಿಸಿಕೊಳ್ಳಲೂ ಅವಕಾಶವಿದೆ. 2017ರ ವ್ಯಾಪಾರಚಿಹ್ನೆ ನಿಯಮಗಳಂತೆ 30 ಸೆಕೆಂಡು ಮೀರದ ಎಂಪಿ3 ಧ್ವನಿಮುದ್ರಣವನ್ನೂ ಅದರ ಸ್ವರಲಿಪಿಯನ್ನೂ ಸಲ್ಲಿಸಬೇಕು. ಭಾರತದಲ್ಲಿ ಹೀಗೆ ಮೊದಲು ನೋಂದಣಿಯಾದದ್ದು 2008ರಲ್ಲಿ, ಯಾಹೂ ಸಂಸ್ಥೆಯ ಕೂಗು.

## ಪರೀಕ್ಷೆ

ಸ್ಟುಡಿಯೊದ ದೊಡ್ಡ ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿಸಿದ ಮಿಶ್ರಣ ಹೊರಗೆ ಸೋಲುವುದು ಸಾಮಾನ್ಯ. ಮೊಬೈಲ್ ಫೋನಿನ ಪುಟ್ಟ ಸ್ಪೀಕರು ಮಂದ್ರ ನಾದಗಳನ್ನು ಹೊರಡಿಸಲಾರದು. ಡೊಳ್ಳಿನ ಗುಡುಗೂ ಮೃದಂಗದ ಎಡಭಾಗದ ಗುಂಕಾರವೂ ಅಲ್ಲಿ ಬರೀ ಟಪಟಪ ಆಗುತ್ತವೆ. ಕೊಳಲು, ಪಿಟೀಲುಗಳದು ತದ್ವಿರುದ್ಧ ತೊಂದರೆ: ಅವು ಮಾತಿನ ವ್ಯಂಜನಗಳು ಕೇಳಿಸುವ ಎತ್ತರದಲ್ಲೇ ನುಡಿಯುವುದರಿಂದ ಮಾತನ್ನು ಮುಸುಕುತ್ತವೆ. ಅವುಗಳನ್ನು ಮಾತಿನ ಸಂದುಗಳಲ್ಲಿ ಬರುವಂತೆ ಬರೆಯುವುದೇ ಪರಿಹಾರ. ಧ್ವನಿಮಟ್ಟ ತಗ್ಗಿಸುವುದರಿಂದ ಇದು ಅರ್ಧವಷ್ಟೇ ಸರಿಹೋಗುತ್ತದೆ.

ಸ್ಕ್ರಿಪ್ಟನ್ನು ಓದಿರದ ಒಬ್ಬರಿಗೆ ಜಾಹೀರಾತನ್ನು ಫೋನಿನಲ್ಲಿ ಒಮ್ಮೆ ಮಾತ್ರ ಕೇಳಿಸಿ ಅಂಗಡಿಯ ಹೆಸರು ಕೇಳಬೇಕು. ಅವರು ಸಂಗೀತವನ್ನು ಹೊಗಳಿ ಹೆಸರನ್ನು ಮರೆತಿದ್ದರೆ ಸಂಗೀತ ಅತಿಯಾಗಿದೆ ಎಂದರ್ಥ. ಇನ್ನೊಬ್ಬರಿಗೆ ಮಾತುಗಳನ್ನು ತೆಗೆದು ಸಂಗೀತ-ಸದ್ದುಗಳನ್ನಷ್ಟೇ ಕೇಳಿಸಿ, ಏನು ಮಾರುತ್ತಿರಬಹುದು ಎಂದು ಕೇಳಬೇಕು. ಕಾಫಿಯ ಜಾಹೀರಾತಿಗೆ ‘ಯಾವುದೋ ಬ್ಯಾಂಕು’ ಎಂಬ ಉತ್ತರ ಬಂದರೆ ವಾದ್ಯವನ್ನಲ್ಲ, ಸದ್ದನ್ನು ಮೊದಲು ಬದಲಿಸಬೇಕಾಗುತ್ತದೆ. ಈ ಪರೀಕ್ಷೆಯನ್ನು ಒಳ್ಳೆಯ ಗಾಯಕ-ವಾದಕರಿಗೆ ಹಣ ಕೊಡುವ ಮೊದಲು, ಮನೆಯಲ್ಲೇ ಮುದ್ರಿಸಿದ ಒರಟು ಪ್ರತಿಯಿಂದ ಮಾಡುವುದು ರೂಢಿ. ಒರಟು ಪ್ರತಿಗೆ ಪ್ರಸಿದ್ಧ ಚಿತ್ರಗೀತೆಯೊಂದನ್ನು ತಾತ್ಕಾಲಿಕವಾಗಿ ಹಾಕುವುದರಲ್ಲಿ ಅಪಾಯವಿದೆ: ವಾರಗಟ್ಟಲೆ ಅದನ್ನೇ ಕೇಳಿದ ಗ್ರಾಹಕರಿಗೆ ನಂತರ ಹೊಸದಾಗಿ ರಚಿಸಿದ ಯಾವ ಸಂಗೀತವೂ ಹಿಡಿಸುವುದಿಲ್ಲ, ಹಾಗೆಂದು ಆ ಗೀತೆಯ ಹಕ್ಕನ್ನು ಕೊಳ್ಳುವಷ್ಟು ಹಣವೂ ಸಣ್ಣ ಅಂಗಡಿಗಳಲ್ಲಿ ಇರುವುದಿಲ್ಲ.